ಡೈಲಿ ಪಿವಟ್, ವೀಕ್ಲಿ ಪಿವಟ್ ಮತ್ತು ಟಾರ್ಗೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪ, ಕುಶಾಲನಗರ, ಗೋಣಿಕೊಪ್ಪದ ಕಡೆ ಕ್ರಿಪ್ಟೋ ಟ್ರೇಡ್ ಮಾಡುವ ಪರಿಚಯದವರು ಫೋನ್ ಮಾಡಿದಾಗಲೆಲ್ಲ ಇದೇ ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಯ ಬೆಲೆಗಳೆಲ್ಲ ಬಿಟ್‌ಕಾಯಿನ್‌ನವು, ಡಾಲರಿನಲ್ಲಿವೆ. ಲೆಕ್ಕ ಸುಲಭವಾಗಲೆಂದು ಅವುಗಳನ್ನು ನಾನೇ ದುಂಡಗೆ ಮಾಡಿಕೊಂಡಿದ್ದೇನೆ, ಯಾವುದೋ ಒಂದು ನಿಜವಾದ ದಿನದ ಬೆಲೆ ಎಂದುಕೊಳ್ಳಬೇಡಿ.

ಪಿವಟ್ ಲೆವೆಲ್ ಅಂದರೆ ಏನು? ಎಲ್ಲಿಂದ ಬರುತ್ತದೆ?

ನಿನ್ನೆಯ ಮೂರು ಬೆಲೆ ಸಾಕು: ಅತಿ ಹೆಚ್ಚು (H), ಅತಿ ಕಡಿಮೆ (L), ದಿನ ಮುಗಿದಾಗಿನ ಬೆಲೆ (C). ಮೂರರ ಸರಾಸರಿಯೇ ಪಿವಟ್. ಉಳಿದ ಗೆರೆಗಳೆಲ್ಲ ಅದರಿಂದ ಹುಟ್ಟುತ್ತವೆ: ಏರುವ ಬೆಲೆಗೆ ತಡೆಯಾಗಬಹುದಾದ ಮೇಲಿನ ಗೆರೆಗಳು R, ಇಳಿಯುವ ಬೆಲೆಗೆ ಆಸರೆಯಾಗಬಹುದಾದ ಕೆಳಗಿನವು S, ಪಿವಟ್ P.

```
P  = (H + L + C) / 3
R1 = 2P - L        S1 = 2P - H
R2 = P + (H - L)   S2 = P - (H - L)
R3 = H + 2(P - L)  S3 = L - 2(H - P)
```

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಕೂಗಿ ವ್ಯಾಪಾರ ಮಾಡುತ್ತಿದ್ದವರು ಬೆಳಿಗ್ಗೆ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದ ಲೆಕ್ಕ ಇದು. ವಾರದ ಪಿವಟ್‌ಗೂ ಸೂತ್ರ ಇದೇ. ನಿನ್ನೆಯ ಬದಲು ಹಿಂದಿನ ವಾರದ ಮೂರು ಬೆಲೆ ಹಾಕಬೇಕು, ಅಷ್ಟೇ.

ನಿನ್ನೆ H 64,800, L 62,400, C 64,200 ಎಂದಿಟ್ಟುಕೊಳ್ಳಿ. P 63,800 ಬರುತ್ತದೆ. R1 65,200, R2 66,200, R3 67,600. ಕೆಳಗೆ S1 62,800, S2 61,400. ಮುಂದೆ ಇದೇ ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ.

ಸೂತ್ರ ಇಷ್ಟೇ ಆದರೆ ಬೆಲೆ ಅಲ್ಲೇ ಯಾಕೆ ನಿಲ್ಲಬೇಕು?

ನಿಲ್ಲಲೇಬೇಕು ಎಂದೇನೂ ಇಲ್ಲ. ಆದರೆ ಈ ಗೆರೆಗಳು ನಿಜಕ್ಕೂ ಏನನ್ನು ಅಳೆಯುತ್ತವೆ ಎಂಬುದನ್ನು ಒಮ್ಮೆ ಕೂತು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೇಲಿನ R1ರಿಂದ S1 ಕಳೆಯಿರಿ: 65,200ರಿಂದ 62,800 ಹೋದರೆ 2,400. ಈಗ ನಿನ್ನೆಯ H ಇಂದ L ಕಳೆಯಿರಿ. ಅದೂ 2,400. ಇದು ಕಾಕತಾಳೀಯವಲ್ಲ, ಸೂತ್ರವೇ ಹಾಗಿದೆ. R1 ಮತ್ತು S1 ನಡುವಿನ ಅಂತರ ಯಾವತ್ತೂ ನಿನ್ನೆಯ ಒಟ್ಟು ಓಡಾಟದಷ್ಟೇ ಇರುತ್ತದೆ. ನಿನ್ನೆ ಬೆಲೆ ಎಷ್ಟು ಅಗಲ ಆಡಿತೋ ಆ ಅಗಲವನ್ನೇ ಎತ್ತಿ ಇವತ್ತಿನ ಮೇಲೆ, ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿ ಇಟ್ಟಂತೆ.

ನಮ್ಮ ಕಡೆ ತೋಟದವರು ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ನಿನ್ನೆ ಎಷ್ಟು ಇಂಚು, ಎಷ್ಟು ಸೆಂಟ್ ಬಿತ್ತು ಎಂದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಪಿವಟ್ ಅಂಥದ್ದೇ. ಜುಲೈ ತಿಂಗಳಲ್ಲಿ ನಿನ್ನೆಯ ಅಳತೆ ಇವತ್ತಿಗೆ ಒಂದು ಅಂದಾಜು ಕೊಡುತ್ತದೆ. ಮಾರ್ಚಿನಲ್ಲಿ ಹೂಮಳೆ ಬಿದ್ದ ಮರುದಿನಕ್ಕೆ ಅದೇ ಅಳತೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಹಾಗಾಗಿ R1ನ್ನು ಟಾರ್ಗೆಟ್ ಮಾಡಿಕೊಳ್ಳುವವರು ತಮಗೆ ಗೊತ್ತಿದ್ದೋ ಇಲ್ಲದೆಯೋ ಒಂದು ಬಾಜಿ ಕಟ್ಟುತ್ತಿದ್ದಾರೆ: ಇವತ್ತೂ ಮಾರುಕಟ್ಟೆ ನಿನ್ನೆಯಷ್ಟೇ ಓಡಾಡುತ್ತದೆ ಎಂದು. ಟಾರ್ಗೆಟ್ ಸರಿಯೇ ತಪ್ಪೇ ಎಂಬ ಪ್ರಶ್ನೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇನ್ನೊಂದು ಕಾರಣವೂ ಇದೆ. ಸೂತ್ರ ಎಲ್ಲರಿಗೂ ಒಂದೇ ಆದ್ದರಿಂದ ಗೆರೆ ಎಲ್ಲರ ಚಾರ್ಟಿನಲ್ಲೂ ಹೆಚ್ಚು ಕಡಿಮೆ ಒಂದೇ ಕಡೆ ಬೀಳುತ್ತದೆ. ಲಾಭ ತೆಗೆಯುವವರ ಆರ್ಡರ್‌ಗಳು ಅದರ ಸುತ್ತ ಸೇರುತ್ತವೆ. ಇದು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದು ದಿನದಿಂದ ದಿನಕ್ಕೆ ಬೇರೆ.

ಕ್ರಿಪ್ಟೋ ಮಾರುಕಟ್ಟೆ ಮುಚ್ಚುವುದೇ ಇಲ್ಲವಲ್ಲ. ‘ನಿನ್ನೆಯ ಕ್ಲೋಸ್’ ಅಂತ ಯಾವುದನ್ನು ತೆಗೆದುಕೊಳ್ಳುವುದು?

ಕಾಫಿ ವ್ಯಾಪಾರ ಗೊತ್ತಿರುವವರು ಕೇಳುವ ಪ್ರಶ್ನೆ ಇದು, ಸರಿಯಾದ ಪ್ರಶ್ನೆಯೂ ಹೌದು. ಲಂಡನ್ ಟರ್ಮಿನಲ್‌ಗೆ ಬಾಗಿಲು ಹಾಕುವ ಹೊತ್ತು ಅಂತ ಒಂದಿದೆ, ಅವತ್ತಿನ ರೊಬಸ್ಟಾ ದರ ಅಂತ ಒಂದು ಸಿಗುತ್ತದೆ. ಬಿಟ್‌ಕಾಯಿನ್‌ಗೆ ಅದಿಲ್ಲ. ಆದ್ದರಿಂದ ರೂಢಿಯಲ್ಲಿ ಒಂದು ಗಡಿ ಇಟ್ಟುಕೊಂಡಿದ್ದಾರೆ: ಯುಟಿಸಿ ಸಮಯ 00:00. ನಮ್ಮ ಗಡಿಯಾರದಲ್ಲಿ ಬೆಳಗಿನ 5.30. ದಿನದ ಕ್ಯಾಂಡಲ್ ಆಗ ಮುಗಿದು ಹೊಸದು ಶುರುವಾಗುತ್ತದೆ. ವಾರದ ಕ್ಯಾಂಡಲ್ ಸೋಮವಾರ ಬೆಳಗಿನ 5.30ಕ್ಕೆ ಮುಗಿಯುತ್ತದೆ.

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ನಮ್ಮ ರಾತ್ರಿ 12 ಗಂಟೆಗೇ ದಿನ ಮುಗಿಯಿತು ಎಂದು ಕೈಯಲ್ಲಿ ಲೆಕ್ಕ ಹಾಕಿದವರನ್ನು ನೋಡಿದ್ದೇನೆ. ಆ ಹೊತ್ತಿಗೆ ಅಮೆರಿಕದಲ್ಲಿ ಇನ್ನೂ ಮಧ್ಯಾಹ್ನ, ವ್ಯಾಪಾರ ಜೋರಾಗಿ ನಡೆಯುತ್ತಿರುತ್ತದೆ. ನಮ್ಮ ಉದಾಹರಣೆಯಲ್ಲೇ ಬೆಲೆ ಏರಿದ್ದು ನಡುರಾತ್ರಿ ಕಳೆದ ಮೇಲೆ ಎಂದುಕೊಳ್ಳಿ. 12 ಗಂಟೆಯವರೆಗೆ H 63,900, L 62,400, C 63,300 ಮಾತ್ರ ಇತ್ತು. ಆಗ P 63,200, R1 64,000 ಬರುತ್ತದೆ. ಉಳಿದವರ R1 65,200ರಲ್ಲಿದೆ. ನೀವು ಬೆಳಿಗ್ಗೆ ಚಾರ್ಟ್ ತೆರೆದಾಗ ಬೆಲೆ 64,200, ಅಂದರೆ ನಿಮ್ಮ ಲೆಕ್ಕದಲ್ಲಿ R1 ಆಗಲೇ ದಾಟಿ ಹೋಗಿದೆ! ಬ್ರೇಕ್‌ಔಟ್ ಎಂದು ಖರೀದಿಗೆ ಇಳಿಯುತ್ತೀರಿ, ಅಲ್ಲಿ ಬ್ರೇಕ್‌ಔಟೇ ಇಲ್ಲ.

ನಿಮ್ಮ ಆಪ್ ಯಾವ ಗಡಿ ಹಿಡಿದಿದೆ ಎಂದು ತಿಳಿಯಲು ದಿನದ ಚಾರ್ಟಿನಲ್ಲಿ ಇವತ್ತಿನ ಕ್ಯಾಂಡಲ್ ಯಾವ ಬೆಲೆಗೆ ತೆರೆದಿದೆ ನೋಡಿ. ಆಮೇಲೆ 15 ನಿಮಿಷದ ಚಾರ್ಟಿಗೆ ಹೋಗಿ 5.30ರ ಕ್ಯಾಂಡಲ್ ತೆರೆದ ಬೆಲೆ ನೋಡಿ. ಎರಡೂ ಒಂದೇ ಆಗಿದ್ದರೆ ಸರಿ. ಚಾರ್ಟಿನ ಕೆಳಗೆ ಭಾರತದ ಸಮಯ ಆರಿಸಿಕೊಂಡ ಮಾತ್ರಕ್ಕೆ ಗೊಂದಲ ಬೇಡ. ಸಾಮಾನ್ಯವಾಗಿ ಅದು ಕಾಣುವ ಗಡಿಯಾರವನ್ನಷ್ಟೇ ಬದಲಿಸುತ್ತದೆ, ಕ್ಯಾಂಡಲ್‌ನ ಗಡಿಯನ್ನಲ್ಲ.

15 ನಿಮಿಷದ ಚಾರ್ಟಿನಲ್ಲಿ R1 ಒಂದು ಕಡೆ, 1 ಗಂಟೆಯ ಚಾರ್ಟಿನಲ್ಲಿ ಇನ್ನೊಂದು ಕಡೆ. ಯಾವುದು ಸರಿ?

ಎರಡೂ ಸರಿ, ಆದರೆ ಎರಡೂ ಬೇರೆ ಬೇರೆ. TradingViewನ `Pivot Points Standard` ಹಾಕಿಕೊಂಡವರಿಗೆ ಇದು ತಪ್ಪದೆ ಎದುರಾಗುತ್ತದೆ. `Pivots Timeframe` ಎಂಬಲ್ಲಿ `Auto` ಇದ್ದರೆ 15 ನಿಮಿಷ ಮತ್ತು ಅದಕ್ಕಿಂತ ಚಿಕ್ಕ ಚಾರ್ಟಿಗೆ ದಿನದ ಪಿವಟ್ ಬರುತ್ತದೆ. ಅದಕ್ಕಿಂತ ದೊಡ್ಡ ಇಂಟ್ರಾಡೇ ಚಾರ್ಟಿಗೆ ಸದ್ದಿಲ್ಲದೆ ವಾರದ ಪಿವಟ್ ಬಂದು ಕೂರುತ್ತದೆ. ಹೆಸರು ಮಾತ್ರ ಅದೇ R1, ಬಣ್ಣವೂ ಅದೇ.

ನಾನು ಆ ಇಂಡಿಕೇಟರನ್ನು ಎರಡು ಸಲ ಹಾಕಿದ್ದೇನೆ. ಒಂದಕ್ಕೆ `Daily`, ಇನ್ನೊಂದಕ್ಕೆ `Weekly` ಎಂದು ಗಟ್ಟಿ ಮಾಡಿ ಬಣ್ಣ ಬೇರೆ ಕೊಟ್ಟಿದ್ದೇನೆ. ಬಗೆಯಲ್ಲಿ `Traditional` ಇಟ್ಟುಕೊಂಡರೆ ಮೇಲಿನ ಸೂತ್ರ ಸಿಗುತ್ತದೆ. `Classic` ಇಟ್ಟರೆ R2ರವರೆಗೆ ವ್ಯತ್ಯಾಸವಿಲ್ಲ, R3 ಮಾತ್ರ ಬೇರೆ: ನಮ್ಮ ಉದಾಹರಣೆಯಲ್ಲಿ 67,600ರ ಬದಲು 68,600. ದಿನದೊಳಗೆ R3ರವರೆಗೆ ಹೋಗುವುದೇ ಅಪರೂಪವಾದ್ದರಿಂದ ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಫಿಬೊನಾಚಿ, ಕ್ಯಾಮರಿಲ್ಲಾ, ಸಿಪಿಆರ್ ಇವೆಲ್ಲ?

ಎಲ್ಲವೂ ಅದೇ ಮೂರು ಬೆಲೆಯ ಬೇರೆ ಬೇರೆ ಅಡುಗೆ. ಸಿಪಿಆರ್ ನಮ್ಮವರಲ್ಲಿ ಜನಪ್ರಿಯ. ಅದು ಪಿವಟ್‌ನ ಆಚೆ ಈಚೆ ಎರಡು ಗೆರೆ ಎಳೆದು ಪಟ್ಟಿ ಮಾಡುತ್ತದೆ, ನಮ್ಮ ಸಂಖ್ಯೆಗಳಿಗೆ 63,600ರಿಂದ 64,000. ಅದರಿಂದ ಟಾರ್ಗೆಟ್ ಸಿಗುವುದಿಲ್ಲ. ಒಂದನ್ನು ಹಿಡಿದು ಆರು ತಿಂಗಳು ನೋಡಿ. ನಾಲ್ಕನ್ನೂ ಹಾಕಿದರೆ ಚಾರ್ಟಿನಲ್ಲಿ ಗೆರೆಯಿಲ್ಲದ ಜಾಗವೇ ಉಳಿಯುವುದಿಲ್ಲ, ಬೆಲೆ ಎಲ್ಲಿ ತಿರುಗಿದರೂ ‘ನೋಡಿ, ಲೆವೆಲ್ ಕೆಲಸ ಮಾಡಿತು’ ಎನ್ನಬಹುದು.

ದಿನದ್ದು ಇರುವಾಗ ವಾರದ ಪಿವಟ್ ಯಾಕೆ ಬೇಕು?

ಎರಡು ಕೆಲಸಕ್ಕೆ. ಒಂದು, ದಾರಿಯಲ್ಲಿ ದೊಡ್ಡ ಗೋಡೆ ಎಲ್ಲಿದೆ ಎಂದು ತಿಳಿಯಲು. ಇನ್ನೊಂದು, ದಿನದ ಲೆವೆಲ್‌ಗಳು ಕೈಕೊಟ್ಟಾಗ ಹಿಡಿದುಕೊಳ್ಳಲು.

ಎರಡನೆಯದು ಹೆಚ್ಚಾಗಿ ಸೋಮವಾರ ಬೇಕಾಗುತ್ತದೆ. ಶನಿವಾರ ಭಾನುವಾರ ವ್ಯಾಪಾರ ತೆಳುವಾಗುವುದರಿಂದ ಭಾನುವಾರದ ಓಡಾಟ ಎಷ್ಟೋ ಸಲ ಪುಟ್ಟದಾಗಿರುತ್ತದೆ. ಭಾನುವಾರ H 63,200, L 62,600, C 62,900 ಎಂದಿಟ್ಟುಕೊಳ್ಳಿ. P 62,900. R1 63,200, R2 63,500, R3 63,800. ಸೋಮವಾರದ R3 ಕೂಡ ಪಿವಟ್‌ನಿಂದ ಬರೀ 900 ಡಾಲರ್ ಮೇಲೆ! ಸಂಜೆ ಅಮೆರಿಕದ ಶೇರು ಮಾರುಕಟ್ಟೆ ತೆರೆದಾಗ, ನಮ್ಮ ಸಮಯ 7 ಗಂಟೆಗೆ, ಅವರ ಚಳಿಗಾಲದಲ್ಲಿ 8ಕ್ಕೆ, ಈ ಮೂರೂ ಗೆರೆಗಳನ್ನು ಬೆಲೆ ಒಂದೇ ಉಸಿರಿನಲ್ಲಿ ದಾಟಿಬಿಡಬಹುದು. R1ನಲ್ಲಿ ಮಾರಿ ಹೊರಬಂದವರು ಚಿಲ್ಲರೆ ಲಾಭ ತೆಗೆದುಕೊಂಡರು. R2ನಲ್ಲಿ ‘ಇನ್ನು ಇಳಿಯಲೇಬೇಕು’ ಎಂದು ಶಾರ್ಟ್ ಮಾಡಿದವರ ಕಥೆ ಅದಕ್ಕಿಂತ ಕೆಟ್ಟದು. ನಾನು ಸೋಮವಾರ ದಿನದ ಗೆರೆಗಳನ್ನು ಚಾರ್ಟಿನಿಂದಲೇ ತೆಗೆದುಬಿಡುತ್ತೇನೆ.

ಇದರ ವಿರುದ್ಧದ ತೊಂದರೆಯೂ ಇದೆ. 2025ರ ಅಕ್ಟೋಬರ್ 10ರ ಕುಸಿತ ನೆನಪಿರಬೇಕು. ನಮಗಾಗ 11ರ ನಸುಕು. ಆದರೆ 5.30 ಆಗಿರಲಿಲ್ಲವಾದ್ದರಿಂದ ಅದು ಬಿದ್ದದ್ದು 10ನೇ ತಾರೀಖಿನ ಕ್ಯಾಂಡಲಿಗೇ. ಸಾಲ ಮಾಡಿ ಹಿಡಿದಿದ್ದ 19 ಬಿಲಿಯನ್ ಡಾಲರಿಗೂ ಹೆಚ್ಚಿನ ಪೊಸಿಷನ್‌ಗಳು ಬಲವಂತವಾಗಿ ಮುಚ್ಚಿಹೋದವು, ಬಿಟ್‌ಕಾಯಿನ್ ಒಂದೇ ದಿನದಲ್ಲಿ 15,000 ಡಾಲರಿಗೂ ಹೆಚ್ಚು ಕೆಳಗೆ ಹೋಗಿ ಬಂತು. ಮರುದಿನದ R1, S1 ನಡುವೆಯೂ ಅಷ್ಟೇ ಅಂತರ. ಅಂಥ ದಿನ R1 ಟಾರ್ಗೆಟ್ ಎಂದು ಕಾಯುವುದು ನಗೆಪಾಟಲು. ಅವತ್ತು ಒಂದೊಂದು ಎಕ್ಸ್‌ಚೇಂಜಿನಲ್ಲಿ ಕನಿಷ್ಠ ಬೆಲೆ ಒಂದೊಂದು ತೋರಿಸಿದ್ದರಿಂದ ಪಿವಟ್ ಕೂಡ ಎಲ್ಲರದೂ ಬೇರೆ ಬೇರೆ. ಸಣ್ಣ ನಾಣ್ಯಗಳಲ್ಲಂತೂ ವ್ಯತ್ಯಾಸ ವಿಪರೀತ.

ಒಂದು ಟ್ರೇಡನ್ನು ಪೂರ್ತಿ ಲೆಕ್ಕ ಹಾಕಿ ತೋರಿಸಬಹುದಾ?

ಆಗಬಹುದು. ದಿನದ ಲೆವೆಲ್‌ಗಳು ಮೊದಲು ಹೇಳಿದವೇ: P 63,800, R1 65,200, R2 66,200. ಅವತ್ತು ಬುಧವಾರ. ಹಿಂದಿನ ವಾರ H 66,000, L 61,000, C 62,900 ಇತ್ತು. ಹಾಗಾಗಿ ವಾರದ P 63,300, ವಾರದ R1 65,600, ವಾರದ R2 68,300.

ಬೆಳಿಗ್ಗೆ 5.30ಕ್ಕೆ ಬೆಲೆ 64,200. ದಿನದ ಪಿವಟ್, ವಾರದ ಪಿವಟ್ ಎರಡೂ ಕೆಳಗಿವೆ. ಆದ್ದರಿಂದ ಖರೀದಿಯ ಕಡೆ ಮಾತ್ರ ನೋಡುವುದು ಎಂದು ತೀರ್ಮಾನ. ಬೆಲೆ ಮಧ್ಯಾಹ್ನದ ಹೊತ್ತಿಗೆ ನಿಧಾನಕ್ಕೆ ಜಾರಿ 63,850 ಮುಟ್ಟಿತು, ಪಿವಟ್‌ಗಿಂತ 50 ಡಾಲರ್ ಮೇಲೆ. 15 ನಿಮಿಷದ ಎರಡು ಕ್ಯಾಂಡಲ್ ಅಲ್ಲೇ ತಡೆದು ನಿಂತು ಮೇಲಕ್ಕೆ ಮುಗಿದವು. ಎಂಟ್ರಿ 63,950.

ಸ್ಟಾಪ್‌ಲಾಸ್ ಎಲ್ಲಿ? ಪಿವಟ್ ಕೆಳಗೆ, 63,600ರಲ್ಲಿ ಇಡುವ ಆಸೆಯಾಗುತ್ತದೆ. ಆದರೆ ವಾರದ ಪಿವಟ್ 63,300ರಲ್ಲಿ ಕೂತಿದೆ. ಬೆಲೆ ದಿನದ ಪಿವಟ್ ಮುರಿದು ವಾರದ ಪಿವಟ್ ಮುಟ್ಟಿ ಮತ್ತೆ ಏಳುವುದು ಮಾಮೂಲಿ. ನಡುವೆ ಸ್ಟಾಪ್ ಇಟ್ಟರೆ ನಿಮ್ಮನ್ನು ಹೊರಗೆ ಹಾಕಿ ಬೆಲೆ ನಿಮ್ಮ ದಾರಿಯಲ್ಲೇ ಹೋಗುತ್ತದೆ. ಹಾಗಾಗಿ 63,200. ನಷ್ಟವಾದರೆ 750 ಡಾಲರ್.

ಟಾರ್ಗೆಟ್ R1, ಅಂದರೆ 65,200. ಆದರೆ ಆರ್ಡರನ್ನು ಗೆರೆಯ ಮೇಲೇ ಇಡುವುದಿಲ್ಲ. R1ರಿಂದ S1ರವರೆಗಿನ ಅಂತರದ ಇಪ್ಪತ್ತರಲ್ಲಿ ಒಂದು ಭಾಗವನ್ನು ಬಿಟ್ಟು ಇಡುತ್ತೇನೆ. ಇದು ಎಲ್ಲೂ ಬರೆದಿರುವ ನಿಯಮವಲ್ಲ, ನನ್ನ ರೂಢಿ. 2,400ಕ್ಕೆ ಅದು 120. ಟಾರ್ಗೆಟ್ 65,080. ಲಾಭ 1,130, ನಷ್ಟದ ಒಂದೂವರೆ ಪಟ್ಟು. ಒಂದೊಂದು ಬದಿಗೆ 0.05% ಶುಲ್ಕ ಎಂದರೂ ಹೋಗಿ ಬರಲು 64 ಡಾಲರ್ ಬೀಳುತ್ತದೆ. ಅದನ್ನು ಸೇರಿಸಿದರೆ ಒಂದೂವರೆ ಪಟ್ಟು 1.3ಕ್ಕೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಯಾಗಿದ್ದರೆ ನಾನು ಆ ಟ್ರೇಡ್ ಬಿಡುತ್ತಿದ್ದೆ.

ಈಗ R2 66,200 ಯಾಕೆ ಬೇಡ? ಮೊದಲು ದಿನದ ಚಾರ್ಟಿನಲ್ಲಿ 14 ದಿನದ ಎಟಿಆರ್ ನೋಡಿ, ಅಂದರೆ ದಿನವೊಂದಕ್ಕೆ ಬೆಲೆ ಸರಾಸರಿ ಎಷ್ಟು ಓಡಾಡುತ್ತದೆ ಎಂಬುದು. ಅದು 2,100 ಇದೆ ಎಂದಿಟ್ಟುಕೊಳ್ಳಿ. ಇವತ್ತಿನ ಕನಿಷ್ಠ 63,850ಕ್ಕೆ 2,100 ಕೂಡಿದರೆ 65,950. R1 ಅದರೊಳಗಿದೆ, R2 ಹೊರಗಿದೆ. ಸಾಲದ್ದಕ್ಕೆ R2ಗೆ ಹೋಗುವ ದಾರಿಯಲ್ಲಿ ವಾರದ R1 65,600ರಲ್ಲಿ ಅಡ್ಡ ನಿಂತಿದೆ. ಆದ್ದರಿಂದ ಅರ್ಧ 65,080ಕ್ಕೆ, ಇನ್ನರ್ಧ ವಾರದ R1ಗೆ 120 ಕಡಿಮೆ, 65,480ಕ್ಕೆ. R2 ಇಲ್ಲವೇ ಇಲ್ಲ ಎಂದುಕೊಳ್ಳುವುದು.

ರಾತ್ರಿ ಒಂಬತ್ತರ ಸುಮಾರಿಗೆ ಬೆಲೆ 65,120ಕ್ಕೆ ಹೋಗಿ ತಿರುಗಿತು ಎಂದುಕೊಳ್ಳೋಣ. ಮೊದಲ ಅರ್ಧ ಮಾರಾಟವಾಯಿತು. ಗೆರೆಯ ಮೇಲೇ, 65,200ಕ್ಕೆ ಇಟ್ಟವರಿಗೆ 80 ಡಾಲರಿನಲ್ಲಿ ಟಾರ್ಗೆಟ್ ಕೈತಪ್ಪಿತು. ಅವರ ಪಿವಟ್ ಲೆಕ್ಕದಲ್ಲಿ ತಪ್ಪೇನಿರಲಿಲ್ಲ.

R1 ಯಾಕೆ S1ಗಿಂತ ದೂರ ಇದೆ? ಪಿವಟ್ ನಡುವೆ ಇರಬೇಕಲ್ಲವೇ?

ಇಲ್ಲ. ಪಿವಟ್‌ನಿಂದ R1ಗೆ ಇರುವ ದೂರವೆಂದರೆ ಪಿವಟ್‌ನಿಂದ ನಿನ್ನೆಯ ಕನಿಷ್ಠಕ್ಕೆ ಇರುವ ದೂರ, ನಮ್ಮಲ್ಲಿ 1,400. S1ಗೆ ಇರುವ ದೂರ ನಿನ್ನೆಯ ಗರಿಷ್ಠಕ್ಕೆ ಇರುವ ದೂರ, 1,000. ನಿನ್ನೆ ಬೆಲೆ ಮೇಲುಭಾಗದಲ್ಲಿ ಮುಗಿದರೆ R1 ದೂರವಾಗುತ್ತದೆ, S1 ಹತ್ತಿರ ಬರುತ್ತದೆ. ಜೋರಾಗಿ ಏರಿದ ಮರುದಿನ ಖರೀದಿಗೆ ಟಾರ್ಗೆಟ್ ದೂರವಿದೆ ಎಂದು ಖುಷಿಪಡುವವರು, ಆ ದೂರವನ್ನು ಮುಟ್ಟಲು ಮಾರುಕಟ್ಟೆಗೆ ಇನ್ನೂ ದಮ್ಮು ಉಳಿದಿದೆಯೇ ಎಂದು ಎಟಿಆರ್ ಕಡೆ ಕಣ್ಣು ಹಾಯಿಸಲಿ.

R1 ದಾಟಿದರೆ ಮಾರದೆ ಹಿಡಿದುಕೊಳ್ಳಬಹುದಾ?

ದಾಟಿದ್ದು ಯಾವುದು ಎಂದು ತೀರ್ಮಾನಿಸುವುದೇ ಕಷ್ಟ. ಕ್ಯಾಂಡಲ್‌ನ ಬಾಲ ಮಾತ್ರ ಗೆರೆಯ ಮೇಲೆ ಹೋಗಿ ಬಂದಿದ್ದರೆ ಅದು ದಾಟಿದ್ದಲ್ಲ. ನಾನು 15 ನಿಮಿಷದ ಕ್ಯಾಂಡಲ್ R1 ಮೇಲೆ ಮುಗಿಯಬೇಕು, ಆಮೇಲೆ ಬೆಲೆ R1ಗೆ ವಾಪಸು ಬಂದಾಗ ಅಲ್ಲಿ ನಿಲ್ಲಬೇಕು ಎಂದು ಕಾಯುತ್ತೇನೆ. ಈ ಎರಡನೆಯದಕ್ಕೆ ಕಾಯದೆ ಇದ್ದಾಗಲೇ ನಾನು ಹೆಚ್ಚು ಕಳೆದುಕೊಂಡಿರುವುದು. ಮೊದಲ ಸಲ ಮುಟ್ಟಿದಾಗ ಬೆಲೆಯನ್ನು ತಿರುಗಿಸಿದ ಗೆರೆ ಮೂರನೇ ಸಲ, ನಾಲ್ಕನೇ ಸಲ ಮುಟ್ಟಿದಾಗಲೂ ತಿರುಗಿಸುತ್ತದೆ ಎಂದುಕೊಳ್ಳಬೇಡಿ. ಪ್ರತಿ ಸಲವೂ ಅಲ್ಲಿದ್ದ ಮಾರಾಟದ ಆರ್ಡರ್‌ಗಳು ಸ್ವಲ್ಪ ಸ್ವಲ್ಪ ಖರ್ಚಾಗಿರುತ್ತವೆ.

ಅಮೆರಿಕದ ಹಣದುಬ್ಬರದ ಅಂಕಿ ಬರುವ ಸಂಜೆ, ನಮ್ಮ 6 ಗಂಟೆಗೆ, ಅವರ ಚಳಿಗಾಲದಲ್ಲಿ 7ಕ್ಕೆ, ಈ ಯಾವ ಲೆಕ್ಕವೂ ನಡೆಯುವುದಿಲ್ಲ.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲ. ಟಾರ್ಗೆಟ್ ಹೇಗೆ ನೋಡಿಕೊಳ್ಳುವುದು?

ನೋಡಿಕೊಳ್ಳಬೇಡಿ, ಎಂಟ್ರಿ ಆದ ಕೂಡಲೇ ಆರ್ಡರ್ ಹಾಕಿಬಿಡಿ. ಒಂದು ಜುಲೈಯಲ್ಲಿ ಮರ ಬಿದ್ದು ಲೈನು ಹರಿದು, ಟವರಿನ ಬ್ಯಾಟರಿಯೂ ಮುಗಿದು ಹನ್ನೊಂದು ಗಂಟೆ ಫೋನ್ ಸತ್ತಿತ್ತು. ನನ್ನದು ಸ್ಟಾಪ್ ಮಾತ್ರ ಹಾಕಿತ್ತು, ಟಾರ್ಗೆಟ್ ‘ಬಂದಾಗ ಮಾರೋಣ’ ಎಂದು ಬಿಟ್ಟಿದ್ದೆ. ಸಿಗ್ನಲ್ ಬಂದ ಮೇಲೆ ನೋಡಿದರೆ ಬೆಲೆ R1 ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ವಾಪಸು ಬಂದು ನನ್ನ ಸ್ಟಾಪನ್ನೂ ತೆಗೆದುಕೊಂಡು ಹೋಗಿತ್ತು.

ಸ್ಪಾಟ್‌ನಲ್ಲಿ `OCO` ಎಂಬ ಆರ್ಡರ್ ಇದ್ದರೆ ಅದನ್ನೇ ಬಳಸಿ: ಟಾರ್ಗೆಟ್ ಮತ್ತು ಸ್ಟಾಪ್ ಎರಡೂ ಒಟ್ಟಿಗೆ ಇರುತ್ತವೆ, ಒಂದು ನಡೆದರೆ ಇನ್ನೊಂದು ತಾನಾಗಿ ರದ್ದಾಗುತ್ತದೆ. ಫ್ಯೂಚರ್ಸ್‌ನಲ್ಲಿ ಎರಡಕ್ಕೂ `Reduce-Only` ಗುರುತು ಹಾಕಿ. ಇಲ್ಲವಾದರೆ ಟಾರ್ಗೆಟ್ ಆದ ಮೇಲೆ ಉಳಿದ ಸ್ಟಾಪ್ ಆರ್ಡರ್ ಹೊಸ ಶಾರ್ಟ್ ಆಗಿ ತೆರೆದುಕೊಳ್ಳುತ್ತದೆ, ನೀವು ಕತ್ತಲಲ್ಲಿ ಮೇಣದಬತ್ತಿ ಹುಡುಕುತ್ತಿರುತ್ತೀರಿ.

ಒಂದೂವರೆ ಪಟ್ಟು ಟಾರ್ಗೆಟ್ ಇಟ್ಟರೆ ಅರ್ಧ ಟ್ರೇಡ್ ಗೆದ್ದರೂ ಲಾಭ ಅಲ್ಲವೇ?

ಕಾಗದದ ಮೇಲೆ ಹೌದು. ಭಾರತದ ತೆರಿಗೆಯನ್ನು ಸೇರಿಸಿ ನೋಡಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಟ್ಟು 31.2%. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ.

ಮೇಲಿನಂಥ ಹತ್ತು ಟ್ರೇಡ್ ಸ್ಪಾಟ್‌ನಲ್ಲಿ ಮಾಡಿದಿರಿ, ಪೂರ್ತಿ R1 ಟಾರ್ಗೆಟ್‌ಗೇ. ಐದು ಗೆದ್ದು 5,650 ಡಾಲರ್ ಬಂತು. ಐದು ಸೋತು 3,750 ಹೋಯಿತು. ಕೈಯಲ್ಲಿ 1,900. ತೆರಿಗೆ ಮಾತ್ರ 1,900ರ ಮೇಲಲ್ಲ, 5,650ರ ಮೇಲೆ: ಸುಮಾರು 1,763. ಉಳಿದದ್ದು 137. ಹತ್ತು ಟ್ರೇಡಿನ ಶುಲ್ಕ 0.05% ಲೆಕ್ಕದಲ್ಲೇ 640 ಆಗುತ್ತದೆ, ಅದನ್ನೂ ಲಾಭದಿಂದ ಕಳೆದು ತೋರಿಸುವಂತಿಲ್ಲ. ಅರ್ಧ ಗೆದ್ದವರು ನಷ್ಟದಲ್ಲಿದ್ದಾರೆ.

ಇದರ ಜೊತೆ 2022ರ ಜುಲೈಯಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಇದೆ, ಲಾಭದ ಮೇಲಲ್ಲ. 65,080ಕ್ಕೆ ಮಾರಿದರೆ 650 ಡಾಲರಿನಷ್ಟು ಅಲ್ಲೇ ಹಿಡಿದುಕೊಳ್ಳುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ದಿನದೊಳಗಿನ ಟ್ರೇಡ್ ಮಾಡುವವರ ಬಂಡವಾಳ ಪ್ರತಿ ಮಾರಾಟಕ್ಕೂ ಕರಗುತ್ತಾ ಹೋಗುತ್ತದೆ. ಫ್ಯೂಚರ್ಸ್‌ಗೆ ಇದೇ ನಿಯಮ ಅನ್ವಯಿಸುತ್ತದೆಯೇ ಎಂಬುದರಲ್ಲಿ ಅಭಿಪ್ರಾಯಭೇದವಿದೆ. ಅದನ್ನು ನಿಮ್ಮ ಆಡಿಟರ್ ಹತ್ತಿರ ಕೂತು ಕೇಳಿ, ನನ್ನ ಹತ್ತಿರವಲ್ಲ.

ಅರ್ಧ ಮಾರಿಯಾಯಿತು. ಉಳಿದ ಅರ್ಧದ ಟಾರ್ಗೆಟ್ ಮುಟ್ಟುವ ಮೊದಲೇ ಬೆಳಿಗ್ಗೆ 5.30 ಆಯಿತು. ಈಗ?

ಆ ಕ್ಷಣಕ್ಕೆ ಹಳೆಯ ದಿನದ ಗೆರೆಗಳು ಹೋದವು, ಹೊಸವು ಬಂದವು. ಫ್ಯೂಚರ್ಸ್ ಆಗಿದ್ದರೆ ಎಂಟು ಗಂಟೆಗೊಮ್ಮೆ ಫಂಡಿಂಗ್ ಹಾಕುವ ಕಡೆ ಅದೇ 5.30ಕ್ಕೆ ಒಂದು ಕಂತು ಕಡಿತವೋ ಜಮೆಯೋ ಆಗಿರುತ್ತದೆ. ಇನ್ನೆರಡು ಕಂತು ಮಧ್ಯಾಹ್ನ 1.30ಕ್ಕೆ, ರಾತ್ರಿ 9.30ಕ್ಕೆ.

ನಮ್ಮ ಬುಧವಾರವನ್ನೇ ಮುಂದುವರಿಸಿ. ದಿನ H 65,120, L 63,850, C 64,740ರಲ್ಲಿ ಮುಗಿಯಿತು. ಗುರುವಾರದ P 64,570, R1 65,290, S1 64,020. ಅಂತರ 2,400ರಿಂದ 1,270ಕ್ಕೆ ಕುಗ್ಗಿದೆ. ಅದರ ಇಪ್ಪತ್ತನೇ ಒಂದು ಭಾಗ ಸುಮಾರು 64. ವಾರದ R1 ಮಾತ್ರ 65,600ರಲ್ಲೇ ಇದೆ, ಸೋಮವಾರದವರೆಗೂ ಅಲುಗುವುದಿಲ್ಲ. ಅದಕ್ಕೆ ಮೊದಲೇ ಹೊಸ R1 ಬಂದು ಕೂತಿರುವುದರಿಂದ ಉಳಿದ ಅರ್ಧದ ಟಾರ್ಗೆಟನ್ನು 65,480ರಿಂದ 65,226ಕ್ಕೆ ಇಳಿಸುತ್ತೇನೆ. ಸ್ಟಾಪನ್ನು 63,200ರಿಂದ ಎತ್ತಿ ಹೊಸ S1 ಕೆಳಗೆ 64 ಬಿಟ್ಟು ಇಟ್ಟರೆ 63,956 ಬರುತ್ತದೆ, ಅಂದರೆ ಹತ್ತಿರ ಹತ್ತಿರ ನಾವು ಕೊಂಡ ಬೆಲೆಯೇ. ಅದು ಹೊಡೆದರೂ ಆ ಅರ್ಧದಲ್ಲಿ ಹೋಗುವುದು ಶುಲ್ಕ ಮಾತ್ರ. ಎರಡೂ ಆರ್ಡರ್ ಬದಲಿಸಲು ಐದು ನಿಮಿಷ ಸಾಕು. ಆ ಐದು ನಿಮಿಷಕ್ಕೆ ಏಳಲಾಗದವರು ರಾತ್ರಿ ಮಲಗುವ ಮುಂಚೆಯೇ ಉಳಿದದ್ದನ್ನೂ ಮಾರಿಬಿಡಿ.